ನಗಬಾರದು, ಕನ್ನಡಕ ಬೇಡ, ಟಚ್‌ಅಪ್ ಬೇಡ: ಪಾಸ್‌ಪೋರ್ಟ್ ಫೋಟೋಗೆ ಯಾಕಿಷ್ಟು ಕಟ್ಟುನಿಟ್ಟು?

ವಿದೇಶಗಳಲ್ಲಿರುವ ಭಾರತೀಯ ರಾಯಭಾರ ಕಚೇರಿಗಳು 2025ರ ಸೆಪ್ಟೆಂಬರ್ 1ರಿಂದ ಪಾಸ್‌ಪೋರ್ಟ್ ಅರ್ಜಿಯ ಫೋಟೋ ವಿಷಯದಲ್ಲಿ ಬಿಗಿಯಾದವು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ಹೇಳಿದ ಮಾನದಂಡಕ್ಕೆ ಹೊಂದದ ಫೋಟೋ ಸ್ವೀಕರಿಸುವುದಿಲ್ಲ ಎಂದವು. ಫೋಟೋ 630 x 810 ಪಿಕ್ಸೆಲ್ ಇರಬೇಕು, ಹಿನ್ನೆಲೆ ಬಿಳಿ ಇರಬೇಕು, ಚಿತ್ರದ ಶೇ 80ರಿಂದ 85 ಭಾಗ ಮುಖವೇ ತುಂಬಿರಬೇಕು. ಕ್ಯಾಮೆರಾ ಒಂದೂವರೆ ಮೀಟರ್ ದೂರದಲ್ಲಿರಬೇಕು. ಬಾಯಿ ಮುಚ್ಚಿರಬೇಕು, ಕಣ್ಣು ತೆರೆದಿರಬೇಕು, ಕನ್ನಡಕ ತೆಗೆಯಬೇಕು, ಸಾಫ್ಟ್‌ವೇರ್‌ನಲ್ಲಿ ತಿದ್ದಬಾರದು.

ದುಬೈ, ದೋಹಾ, ಕುವೈತ್‌ಗಳಲ್ಲಿರುವ ಮಂಗಳೂರು, ಉಡುಪಿ, ಭಟ್ಕಳದ ಕಡೆಯವರಿಗೆ ಈ ಪಟ್ಟಿ ಈಗ ಚೆನ್ನಾಗಿ ಗೊತ್ತು. ಮುಂಬೈ, ಪುಣೆ, ಹೈದರಾಬಾದ್‌ನಲ್ಲಿರುವ ನಮಗೆ ಅದು ಅಷ್ಟಾಗಿ ಕಣ್ಣಿಗೆ ಬಿದ್ದಿಲ್ಲ. ದೇಶದೊಳಗೆ ಪಾಸ್‌ಪೋರ್ಟ್ ಸೇವಾ ಕೇಂದ್ರದ ಸಿಬ್ಬಂದಿಯೇ ಅಲ್ಲೇ ಕೂರಿಸಿ ಫೋಟೋ ತೆಗೆಯುವುದು ಇದಕ್ಕೆ ಕಾರಣ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಮನೆಯಿಂದ ಫೋಟೋ ಒಯ್ಯಬೇಕು. ಆ ಫೋಟೋ ತಿರಸ್ಕೃತವಾದಾಗಲಷ್ಟೇ ಹೆಚ್ಚಿನವರು ನಿಯಮ ಏನಿದೆ ಎಂದು ಹುಡುಕುತ್ತಾರೆ.

ಈ ನಿಯಮಗಳೆಲ್ಲ ಕಂಪ್ಯೂಟರ್‌ಗಾಗಿ ಇವೆ ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಅದು ಅರ್ಧ ಸತ್ಯ. ಮುಖ ಗುರುತಿಸುವ ಯಂತ್ರಕ್ಕೆ ಇಂಥ ಫೋಟೋ ಬೇಕು ನಿಜ. ಆದರೆ ಕೌಂಟರ್‌ನಲ್ಲಿ ಕೂತು ನಿಮ್ಮನ್ನೊಮ್ಮೆ, ಫೋಟೋವನ್ನೊಮ್ಮೆ ನೋಡುವ ಮನುಷ್ಯನಿಗೂ ಇದು ಅಷ್ಟೇ ಬೇಕು. ಏಕೆಂದರೆ ಅಪರಿಚಿತರ ಮುಖ ಹೋಲಿಸುವುದರಲ್ಲಿ ಮನುಷ್ಯರು ನಾವು ಭಾವಿಸಿದಷ್ಟು ಗಟ್ಟಿಗರಲ್ಲ.

ಫೋಟೋ ಬಂದಿದ್ದೇ ಗೂಢಚಾರನಿಂದ

ಮೊದಲ ಮಹಾಯುದ್ಧಕ್ಕೆ ಮುಂಚೆ ಪಾಸ್‌ಪೋರ್ಟ್‌ಗೆ ಫೋಟೋ ಕಡ್ಡಾಯ ಇರಲಿಲ್ಲ. ಅಮೆರಿಕದ ಪಾಸ್‌ಪೋರ್ಟ್‌ನಲ್ಲಿ ಎತ್ತರ, ಹಣೆ, ಮೂಗು, ಬಾಯಿ, ಗಲ್ಲ ಹೇಗಿದೆ ಎಂದು ಮಾತಿನಲ್ಲಿ ಬರೆಯುತ್ತಿದ್ದರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಕಾರ್ಲ್ ಹಾನ್ಸ್ ಲೋಡಿ ಎಂಬ ಜರ್ಮನ್ ಗೂಢಚಾರ, ಚಾರ್ಲ್ಸ್ ಇಂಗ್ಲಿಸ್ ಎಂಬ ಅಮೆರಿಕನ್ನನ ಪಾಸ್‌ಪೋರ್ಟ್ ಹಿಡಿದು ಬ್ರಿಟನ್ ಹೊಕ್ಕ. ಪಾಸ್‌ಪೋರ್ಟ್ ಅಸಲಿ, ಹಿಡಿದವನು ಮಾತ್ರ ಬೇರೆ. ಅದೇ ನವೆಂಬರ್‌ನಲ್ಲಿ ಲಂಡನ್ ಟವರ್‌ನಲ್ಲಿ ಅವನಿಗೆ ಮರಣದಂಡನೆಯಾಯಿತು. ಆ ವರ್ಷದ ಕೊನೆಗೆ ಅಮೆರಿಕ ಪಾಸ್‌ಪೋರ್ಟ್‌ಗೆ ಫೋಟೋ ಕಡ್ಡಾಯ ಮಾಡಿತು.

ಆರಂಭದ ಫೋಟೋಗಳಲ್ಲಿ ಹ್ಯಾಟ್ ಇರುತ್ತಿತ್ತು, ಕುಟುಂಬದವರೆಲ್ಲ ಒಂದೇ ಚಿತ್ರದಲ್ಲಿ ನಿಂತಿರುತ್ತಿದ್ದರು. ಫೋಟೋ ಇದ್ದರೆ ಸಾಕು, ಮನುಷ್ಯ ಯಾರೆಂದು ಗೊತ್ತಾಗುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಆ ನಂಬಿಕೆ ಎಷ್ಟು ಸಡಿಲ ಎಂಬುದು ಅಳತೆಗೆ ಸಿಕ್ಕಿದ್ದು ಬಹಳ ತಡವಾಗಿ.

ಸಿಡ್ನಿಯ ಪರೀಕ್ಷೆ: ಏಳರಲ್ಲಿ ಒಂದು ತಪ್ಪು

2014ರಲ್ಲಿ ಡೇವಿಡ್ ವೈಟ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಕಚೇರಿಯ ಸಿಬ್ಬಂದಿಯ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆ ಸರಳ. ಅಧಿಕಾರಿಯ ಎದುರು ಒಬ್ಬ ವ್ಯಕ್ತಿ ನಿಲ್ಲುತ್ತಾನೆ, ಪರದೆಯ ಮೇಲೆ ಒಂದು ಫೋಟೋ ಇರುತ್ತದೆ. ಇಬ್ಬರೂ ಒಬ್ಬರೇನಾ, ಬೇರೆಯಾ? ಕೆಲವು ಸಲ ಅವನದ್ದೇ ಫೋಟೋ, ಕೆಲವು ಸಲ ಅವನನ್ನು ಹೋಲುವ ಇನ್ನೊಬ್ಬನದು.

ಬೇರೆಯವರ ಫೋಟೋ ತೋರಿಸಿದಾಗ ಶೇ 14ರಷ್ಟು ಸಲ ಅಧಿಕಾರಿಗಳು ‘ಇವನೇ’ ಎಂದರು. ಅಂದರೆ ಸುಮಾರು ಏಳು ಮೋಸದಲ್ಲಿ ಒಂದು ದಾಟಿಹೋಯಿತು. ಅಸಲಿ ಫೋಟೋ ಇದ್ದಾಗಲೂ ಶೇ 6ರಷ್ಟು ಸಲ ‘ಇವನಲ್ಲ’ ಎಂದರು. ಎಷ್ಟು ವರ್ಷ ಸೇವೆ ಮಾಡಿದ್ದಾರೆ ಎಂಬುದಕ್ಕೂ ಎಷ್ಟು ಸರಿ ಹೇಳಿದರು ಎಂಬುದಕ್ಕೂ ಸಂಬಂಧ ಕಾಣಲಿಲ್ಲ. ಎರಡು ವರ್ಷ ಹಳೆಯ ಫೋಟೋ ಅಥವಾ ಗುರುತಿನ ಚೀಟಿಯ ಫೋಟೋ ಕೊಟ್ಟು, ಅದನ್ನು ಹೊಸ ಫೋಟೋ ಜತೆ ಹೋಲಿಸಲು ಹೇಳಿದಾಗ ತಪ್ಪು ಶೇ 20ರ ಹತ್ತಿರ ಹೋಯಿತು. ಏನೂ ತರಬೇತಿ ಇಲ್ಲದ ವಿದ್ಯಾರ್ಥಿಗಳ ಫಲಿತಾಂಶವೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ದಿನವಿಡೀ ಮುಖ ನೋಡುವವರಿಗೇ ಹೀಗಾದರೆ, ಕಾರಣ ಅವರ ಅಸಡ್ಡೆಯಲ್ಲ. ಕಾರಣ ನಮ್ಮ ಮಿದುಳು ಮುಖ ಕಲಿಯುವ ರೀತಿಯಲ್ಲಿದೆ.

ನಮ್ಮವರ ಮುಖ ಬೇರೆ, ಅಪರಿಚಿತರ ಮುಖ ಬೇರೆ

2011ರಲ್ಲಿ ರಾಬ್ ಜೆಂಕಿನ್ಸ್ ಮತ್ತಿತರರು ಮಾಡಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಬ್ರಿಟನ್‌ನ ಜನರಿಗೆ 40 ಫೋಟೋಗಳ ಒಂದು ಕಟ್ಟು ಕೊಟ್ಟು, ಒಬ್ಬೊಬ್ಬ ವ್ಯಕ್ತಿಯ ಫೋಟೋಗಳನ್ನು ಒಂದೊಂದು ಗುಂಪಾಗಿ ಇಡಿ ಎಂದರು. ವಾಸ್ತವದಲ್ಲಿ ಅದರಲ್ಲಿದ್ದದ್ದು ನೆದರ್ಲೆಂಡ್ಸ್‌ನ ಇಬ್ಬರು ಪ್ರಸಿದ್ಧರ ಫೋಟೋ ಮಾತ್ರ, ತಲಾ 20. ಅವರನ್ನು ಎಂದೂ ನೋಡಿರದ ಬ್ರಿಟಿಷರು ಸಾಮಾನ್ಯವಾಗಿ ಏಳೆಂಟು ಗುಂಪು ಮಾಡಿದರು. ಅಂದರೆ ಇಬ್ಬರು ಅವರ ಕಣ್ಣಿಗೆ ಏಳೆಂಟು ಜನರಾದರು. ಅವೇ ಫೋಟೋಗಳನ್ನು ನೆದರ್ಲೆಂಡ್ಸ್‌ನವರು ಸಲೀಸಾಗಿ ಎರಡು ಗುಂಪು ಮಾಡಿದರು.

ನಿಮ್ಮ ಅಕ್ಕನ ಹತ್ತು ಫೋಟೋ ಹತ್ತು ರೀತಿ ಇದ್ದರೂ ನಿಮಗೆ ಗೊಂದಲ ಆಗುವುದಿಲ್ಲ. ಅವಳನ್ನು ಬಿಸಿಲಲ್ಲಿ, ಕತ್ತಲಲ್ಲಿ, ನಗುವಾಗ, ಜ್ವರ ಬಂದಾಗ, ಮದುವೆಯಲ್ಲಿ ನೋಡಿದ್ದೀರಿ. ಅವಳ ಮುಖ ಎಷ್ಟೆಲ್ಲ ಬದಲಾಗಬಹುದು ಎಂಬ ಲೆಕ್ಕ ನಿಮ್ಮ ತಲೆಯಲ್ಲಿದೆ. ಅಧಿಕಾರಿಗೆ ನಿಮ್ಮ ಬಗ್ಗೆ ಆ ಲೆಕ್ಕ ಇಲ್ಲ. ಅವರ ಬಳಿ ಇರುವುದು ಎರಡೇ ನೋಟ: ಪುಸ್ತಕದಲ್ಲಿನ ಚಿತ್ರ ಮತ್ತು ಎದುರಿನ ಮುಖ. ಎರಡರ ನಡುವೆ ವ್ಯತ್ಯಾಸ ಕಂಡರೆ ಅದು ಬೇರೆ ಮನುಷ್ಯನ ಗುರುತೋ, ಬೇರೆ ಬೆಳಕಿನ ಗುರುತೋ ಎಂದು ಹೇಳಲು ಅವರಿಗೆ ಆಧಾರ ಬೇಕು. ಫೋಟೋ ನಿಯಮಗಳು ಕೊಡುವುದು ಆ ಆಧಾರವನ್ನೇ. ಬೆಳಕು, ದೂರ, ನಗು, ಕನ್ನಡಕ ಎಲ್ಲವನ್ನೂ ಒಂದೇ ರೀತಿ ಕಟ್ಟಿಹಾಕಿದರೆ, ಉಳಿಯುವ ವ್ಯತ್ಯಾಸ ಬಹುಪಾಲು ಮುಖದ್ದೇ ಆಗಿರುತ್ತದೆ.

ಇಬ್ಬರು ತಮ್ಮಂದಿರ ಲೆಕ್ಕ

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳಿಬ್ಬರು, ವಯಸ್ಸಿನಲ್ಲಿ ಎರಡು ವರ್ಷ ಅಂತರ, ಮುಖದಲ್ಲಿ ಹೋಲಿಕೆ ಇದೆ. ಒಬ್ಬನ ಅಸಲಿ ಪಾಸ್‌ಪೋರ್ಟ್ ಹಿಡಿದು ಇನ್ನೊಬ್ಬ ಕೌಂಟರ್‌ಗೆ ಬರುತ್ತಾನೆ. ಪಾಸ್‌ಪೋರ್ಟ್ ನಕಲು ಮಾಡುವುದು ಕಷ್ಟವಾದಷ್ಟೂ ಮೋಸಗಾರರು ಹಿಡಿಯುವ ದಾರಿ ಇದು. ಪುಸ್ತಕ ಅಸಲಿ, ವೀಸಾ ಅಸಲಿ, ಹಾಗಾಗಿ ಕಾಗದ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಉಳಿದಿರುವುದು ಮುಖ ಒಂದೇ.

ಪಾಸ್‌ಪೋರ್ಟ್‌ನ ಫೋಟೋ ಮೊಬೈಲ್‌ನಲ್ಲಿ ಕೈ ಚಾಚಿ ತೆಗೆದದ್ದು ಎಂದುಕೊಳ್ಳಿ. ನಗುತ್ತಿದ್ದಾನೆ, ಕನ್ನಡಕ ಇದೆ, ಸ್ಟುಡಿಯೋದವರು ಚರ್ಮ ನುಣುಪು ಮಾಡಿದ್ದಾರೆ. ಅಧಿಕಾರಿ ನೋಡುತ್ತಾರೆ. ಫೋಟೋದಲ್ಲಿ ಮೂಗು ದಪ್ಪ, ಎದುರಿನವನದ್ದು ಸಣ್ಣ. ಹತ್ತಿರದಿಂದ ತೆಗೆದಿರಬೇಕು ಎಂದುಕೊಳ್ಳುತ್ತಾರೆ. ಎದುರಿನವನ ಕೆನ್ನೆಯಲ್ಲಿ ಮಚ್ಚೆ ಇದೆ, ಫೋಟೋದಲ್ಲಿಲ್ಲ. ಟಚ್‌ಅಪ್‌ನಲ್ಲಿ ಹೋಗಿರಬೇಕು. ಕಣ್ಣಿನ ಆಕಾರ ಬೇರೆ ಕಾಣುತ್ತದೆ. ಕನ್ನಡಕದ ಫ್ರೇಮ್ ಇರಬೇಕು. ಕೆನ್ನೆ ಅಗಲ ಬೇರೆ. ನಗುತ್ತಿದ್ದಾನಲ್ಲ. ಪ್ರತಿ ವ್ಯತ್ಯಾಸಕ್ಕೂ ಒಂದು ಸಜ್ಜನ ಸಮಜಾಯಿಷಿ ಸಿಗುತ್ತದೆ, ಹಿಂದೆ ಸಾಲು ಬೆಳೆಯುತ್ತಿರುತ್ತದೆ, ಮುದ್ರೆ ಬೀಳುತ್ತದೆ.

ನಿಯಮದ ಪ್ರಕಾರ ತೆಗೆದ ಫೋಟೋ ಇದ್ದಿದ್ದರೆ ಈ ನಾಲ್ಕೂ ಸಮಜಾಯಿಷಿ ಸಿಗುತ್ತಿರಲಿಲ್ಲ. ಹೇಗೆ ಎಂದು ಒಂದೊಂದಾಗಿ ನೋಡಬಹುದು.

ಒಂದೂವರೆ ಮೀಟರ್ ಯಾಕೆ?

ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂಟಿಮೀಟರ್ ಅಂತರ ಎಂದಿಟ್ಟುಕೊಳ್ಳಿ. ಕ್ಯಾಮೆರಾ ಮೂಗಿನಿಂದ 40 ಸೆಂಟಿಮೀಟರ್ ದೂರದಲ್ಲಿದ್ದರೆ ಕಿವಿ 52 ಸೆಂಟಿಮೀಟರ್ ದೂರದಲ್ಲಿರುತ್ತದೆ. ಹತ್ತಿರದ್ದು ದೊಡ್ಡದಾಗಿ ಕಾಣುವುದರಿಂದ ಕಿವಿಯ ಹೋಲಿಕೆಯಲ್ಲಿ ಮೂಗು ಶೇ 30ರಷ್ಟು ಹಿಗ್ಗುತ್ತದೆ. ಕ್ಯಾಮೆರಾ 150 ಸೆಂಟಿಮೀಟರ್ ದೂರ ಹೋದರೆ ಕಿವಿ 162ರಲ್ಲಿ ಇರುತ್ತದೆ, ಹಿಗ್ಗುವಿಕೆ ಶೇ 8ಕ್ಕೆ ಇಳಿಯುತ್ತದೆ. ಸೆಲ್ಫಿಯಲ್ಲಿ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಕಾಣುವುದು ಇದೇ ಕಾರಣಕ್ಕೆ. ಬಳಿಕ ಕತ್ತರಿಸಿ, ಹಿಗ್ಗಿಸಿ ಏನು ಮಾಡಿದರೂ ಈ ದೋಷ ಹೋಗುವುದಿಲ್ಲ, ಏಕೆಂದರೆ ಅದು ದೂರದಿಂದ ಬಂದದ್ದು.

ಎಲ್ಲರ ಫೋಟೋವೂ ಒಂದೂವರೆ ಮೀಟರ್‌ನಿಂದ ತೆಗೆದದ್ದು ಎಂದು ಗೊತ್ತಿದ್ದರೆ, ಮೂಗು ಬೇರೆ ಕಂಡಾಗ ಅಧಿಕಾರಿ ಕ್ಯಾಮೆರಾವನ್ನು ದೂರಬೇಕಿಲ್ಲ.

ಮಚ್ಚೆಗೆ ಎಷ್ಟು ಪಿಕ್ಸೆಲ್?

ಮುಖ ಚಿತ್ರದ ತುಂಬ ಇರಬೇಕು ಎಂಬ ನಿಯಮಕ್ಕೂ ಇಂಥದ್ದೇ ಲೆಕ್ಕ ಇದೆ. 810 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ ಮುಖ ಶೇ 80 ಭಾಗ ಇದ್ದರೆ ಅದಕ್ಕೆ ಸುಮಾರು 650 ಪಿಕ್ಸೆಲ್ ಸಿಗುತ್ತದೆ. ಗಲ್ಲದಿಂದ ನೆತ್ತಿಗೆ 23 ಸೆಂಟಿಮೀಟರ್ ಎಂದುಕೊಂಡರೆ, ಒಂದು ಮಿಲಿಮೀಟರ್‌ನ ಸಣ್ಣ ಮಚ್ಚೆಗೆ ಮೂರು ಪಿಕ್ಸೆಲ್ ಬರುತ್ತದೆ. ಸಣ್ಣದಾದರೂ ಕಾಣುತ್ತದೆ. ಎದೆಯವರೆಗೆ ತೆಗೆದ ಫೋಟೋದಲ್ಲಿ ಮುಖ ಇದರ ಅರ್ಧಕ್ಕಿಳಿದರೆ ಮಚ್ಚೆಗೆ ಒಂದೂವರೆ ಪಿಕ್ಸೆಲ್ ಉಳಿಯುತ್ತದೆ. ಅದು ಮಚ್ಚೆಯೋ ಚಿತ್ರದ ದೂಳೋ ಎಂದು ಹೇಳಲಾಗದು.

ಮಚ್ಚೆಗೆ ಇಷ್ಟು ಬೆಲೆ ಯಾಕೆ? ತರಬೇತಿ ಪಡೆದ ಮುಖ ಪರೀಕ್ಷಕರು ಇಡೀ ಮುಖವನ್ನು ಒಟ್ಟಾಗಿ ನೋಡಿ ‘ಅನಿಸಿಕೆ’ ಹೇಳುವುದಿಲ್ಲ. ಕಿವಿ, ಹುಬ್ಬು, ಮೂಗಿನ ಹೊಳ್ಳೆ, ತುಟಿಯ ಅಂಚು, ಗಾಯದ ಕಲೆ ಎಂದು ಭಾಗ ಭಾಗವಾಗಿ ಹೋಲಿಸುತ್ತಾರೆ. ಹೀಗೆ ಹೋಲಿಸುವಾಗ ಕಿವಿ ಮತ್ತು ಚರ್ಮದ ಗುರುತುಗಳು ಹೆಚ್ಚು ನೆರವಾಗುತ್ತವೆ ಎಂದು ಸಂಶೋಧನೆಗಳಲ್ಲಿ ಕಂಡುಬಂದಿದೆ. ಕೂದಲಿನ ಶೈಲಿ, ಮೈಬಣ್ಣ, ಮುಖ ಉಬ್ಬಿದೆಯೋ ಬತ್ತಿದೆಯೋ ಎಂಬುದು ತಿಂಗಳಲ್ಲಿ ಬದಲಾಗಬಹುದು. ಕಿವಿಯ ಮಡಿಕೆ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಮುಖದ ಎರಡೂ ಅಂಚು ಕಾಣಬೇಕು, ಕೂದಲು ಕಣ್ಣ ಮೇಲೆ ಬೀಳಬಾರದು ಎನ್ನುವುದು ಇದಕ್ಕೇ. ಧಾರ್ಮಿಕ ಕಾರಣಕ್ಕೆ ತಲೆ ಮುಚ್ಚುವವರಿಗೆ ವಿನಾಯಿತಿ ಇದೆ. ಆದರೆ ಗಲ್ಲದಿಂದ ಹಣೆಯ ಮೇಲಿನವರೆಗೆ ಮತ್ತು ಎರಡೂ ಬದಿ ಕಾಣಲೇಬೇಕು. ಊರಿನ ಸ್ಟುಡಿಯೋದವರು ಒಳ್ಳೆಯ ಮನಸ್ಸಿನಿಂದಲೇ ಮಾಡುವ ‘ಫೇರ್’ ಟಚ್‌ಅಪ್ ಅತಿ ಹೆಚ್ಚು ಹಾನಿ ಮಾಡುವುದೂ ಇಲ್ಲೇ. ಅದು ಮೊದಲು ಅಳಿಸುವುದು ಮಚ್ಚೆ, ಕಲೆ, ಗೆರೆಗಳನ್ನು, ಅಂದರೆ ಹೋಲಿಕೆಗೆ ಅತಿ ಉಪಯುಕ್ತವಾದವುಗಳನ್ನು.

ಕನ್ನಡಕ ಮತ್ತು ನಗು

ಕನ್ನಡಕ ಹಾಕಿದ ಸೂಪರ್‌ಮ್ಯಾನ್‌ನನ್ನು ಯಾರೂ ಗುರುತಿಸದಿರುವುದು ಕಾಮಿಕ್ಸ್‌ನ ಜೋಕು. 2016ರಲ್ಲಿ ಬ್ರಿಟನ್‌ನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನೇ ಪರೀಕ್ಷಿಸಿದರು. ಎರಡು ಫೋಟೋಗಳಲ್ಲಿ ಒಂದರಲ್ಲಿ ಮಾತ್ರ ಕನ್ನಡಕ ಇದ್ದಾಗ ಅಪರಿಚಿತರ ಮುಖ ಹೋಲಿಸುವವರ ನಿಖರತೆ ಸುಮಾರು ಶೇ 6ರಷ್ಟು ಕುಸಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕ ಪಾಸ್‌ಪೋರ್ಟ್ ಫೋಟೋದಲ್ಲಿ ಕನ್ನಡಕ ನಿಷೇಧಿಸಿತು. ಗಾಜಿನ ಹೊಳಪು, ಕಣ್ಣಿನ ಮೇಲೆ ಬೀಳುವ ಫ್ರೇಮ್‌ನ ನೆರಳು ಅರ್ಜಿಗಳು ತಿರಸ್ಕೃತವಾಗಲು ಕಾರಣವಾಗುತ್ತಿದ್ದವು.

ನಗುವಿನ ಕಥೆ ಸ್ವಲ್ಪ ಬೇರೆ. ನಕ್ಕಾಗ ಕೆನ್ನೆ ಏರುತ್ತದೆ, ಕಣ್ಣು ಕಿರಿದಾಗುತ್ತದೆ, ಮೂಗಿನ ಹೊಳ್ಳೆ ಅಗಲವಾಗುತ್ತದೆ. ಹಾಗಾಗಿ ನಗುವ ಫೋಟೋವನ್ನು ಸುಮ್ಮನಿರುವ ಮುಖದ ಜತೆ ಹೋಲಿಸುವುದು ಕಷ್ಟ. ಆದರೆ 2018ರ ಒಂದು ಅಧ್ಯಯನದಲ್ಲಿ ಎರಡೂ ಫೋಟೋಗಳಲ್ಲಿ ವ್ಯಕ್ತಿ ನಗುತ್ತಿದ್ದರೆ ಹೋಲಿಕೆ ಇನ್ನೂ ಸುಲಭವಾಯಿತು. ಪ್ರತಿಯೊಬ್ಬರ ನಗುವೂ ಅವರದ್ದೇ ಆಗಿರುವುದರಿಂದ ಅದೂ ಒಂದು ಗುರುತೇ. ಹಾಗಾದರೆ ನಿಯಮ ನಗು ಬೇಡ ಎನ್ನುವುದೇಕೆ? ಹನ್ನೆರಡು ಗಂಟೆ ಪ್ರಯಾಣ ಮಾಡಿ ಸಾಲಿನಲ್ಲಿ ನಿಂತವರಿಂದ ಫೋಟೋದಲ್ಲಿದ್ದ ನಗುವನ್ನೇ ಮತ್ತೆ ನಗಿಸಲು ಆಗುವುದಿಲ್ಲ. ಸುಮ್ಮನಿರುವ ಮುಖವನ್ನು ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ ಕೇಳಿ ಪಡೆಯಬಹುದು. ನಿಯಮ ಹುಡುಕುವುದು ನಿಮ್ಮ ಅತಿ ಚಂದದ ಮುಖವನ್ನಲ್ಲ, ಕೌಂಟರ್‌ನಲ್ಲಿ ಮತ್ತೆ ಸಿಗಬಹುದಾದ ಮುಖವನ್ನು.

ಬಿಳಿ ಹಿನ್ನೆಲೆ, ಸಮ ಬೆಳಕಿನದೂ ಇದೇ ತರ್ಕ. ಒಂದು ಬದಿಯಿಂದ ಬೆಳಕು ಬಿದ್ದರೆ ಮೂಗಿನ ನೆರಳು ಕೆನ್ನೆಯ ಆಕಾರವನ್ನೇ ಬದಲಿಸುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಕಪ್ಪು ಕೂದಲು ಸೇರಿಹೋಗಿ ತಲೆಯ ಅಂಚು ಎಲ್ಲಿ ಎಂದೇ ತಿಳಿಯುವುದಿಲ್ಲ.

ನಿಯಮ ಎಲ್ಲಿ ಸೋಲುತ್ತದೆ?

ಮೊದಲ ಸೋಲು ಕಾಲದ ಮುಂದೆ. ಸಿಡ್ನಿಯಲ್ಲಿ ಎರಡು ವರ್ಷದ ಅಂತರವೇ ತಪ್ಪನ್ನು ಐದರಲ್ಲಿ ಒಂದರ ಹತ್ತಿರ ಒಯ್ದಿತು. ನಮ್ಮಲ್ಲಿ ವಯಸ್ಕರ ಪಾಸ್‌ಪೋರ್ಟ್ ಅವಧಿ 10 ವರ್ಷ. ಇಪ್ಪತ್ತರಲ್ಲಿ ತೆಗೆದ ಫೋಟೋ ಇಪ್ಪತ್ತೊಂಬತ್ತರಲ್ಲೂ ಕೆಲಸ ಮಾಡಬೇಕು. ಮಕ್ಕಳ ಪಾಸ್‌ಪೋರ್ಟ್‌ಗೆ ಅವಧಿ ಕಡಿಮೆ ಇಟ್ಟಿರುವುದು ಅವರ ಮುಖ ಬೇಗ ಬದಲಾಗುವುದರಿಂದ. ಅಪಘಾತ, ಶಸ್ತ್ರಚಿಕಿತ್ಸೆ ಅಥವಾ ತೂಕದ ಭಾರೀ ಏರಿಳಿತದಿಂದ ರೂಪ ಬದಲಾಗಿದ್ದರೆ, ಆ ಕಾರಣ ಕೊಟ್ಟೇ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಲು ನಮ್ಮ ವ್ಯವಸ್ಥೆಯಲ್ಲಿ ಅವಕಾಶವಿದೆ.

ಎರಡನೆಯದು, ನಿಯಮವನ್ನು ಪರೀಕ್ಷಿಸುವ ಯಂತ್ರ ಎಲ್ಲರನ್ನೂ ಒಂದೇ ರೀತಿ ನೋಡದಿರುವುದು. 2016ರಲ್ಲಿ ನ್ಯೂಜಿಲೆಂಡ್‌ನಲ್ಲಿ ಏಷ್ಯಾ ಮೂಲದ ಒಬ್ಬರ ಫೋಟೋವನ್ನು ‘ಕಣ್ಣು ಮುಚ್ಚಿದೆ’ ಎಂದು ಆನ್‌ಲೈನ್ ವ್ಯವಸ್ಥೆ ತಿರಸ್ಕರಿಸಿತ್ತು. ಅವರ ಕಣ್ಣು ತೆರೆದೇ ಇತ್ತು. ಬ್ರಿಟನ್‌ನಲ್ಲಿ 2020ರಲ್ಲಿ ಬಿಬಿಸಿ ನಡೆಸಿದ ಪರಿಶೀಲನೆಯಲ್ಲಿ, ಬಿಳಿ ಬಣ್ಣದ ಪುರುಷರಿಗಿಂತ ಕಪ್ಪು ಬಣ್ಣದ ಮಹಿಳೆಯರ ಫೋಟೋ ಸರಿಯಿಲ್ಲ ಎಂಬ ಸಂದೇಶ ಬರುವ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚಿತ್ತು. ಇಂಥ ಕಡೆ ತಪ್ಪು ಅರ್ಜಿದಾರರದ್ದಲ್ಲ. ಕೊನೆಯ ಮಾತು ಮನುಷ್ಯನದ್ದಾಗಿರಬೇಕು ಎನ್ನುವುದು ಇದಕ್ಕೇ.

ಮೂರನೆಯದು ಹೊಸದು ಮತ್ತು ಹೆಚ್ಚು ಗಂಭೀರ. ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲೇ ಎಚ್ಚರಿಸಿದಂತೆ, ಇಬ್ಬರ ಮುಖವನ್ನು ಕಂಪ್ಯೂಟರ್‌ನಲ್ಲಿ ಬೆರೆಸಿ ಒಂದು ಫೋಟೋ ಮಾಡಿದರೆ ಅದು ಇಬ್ಬರಿಗೂ ಹೊಂದುತ್ತದೆ. 2018ರಲ್ಲಿ ಜರ್ಮನಿಯ ಹೋರಾಟಗಾರರ ಒಂದು ಗುಂಪು, ತಮ್ಮ ಸದಸ್ಯೆಯ ಮುಖಕ್ಕೆ ಐರೋಪ್ಯ ಒಕ್ಕೂಟದ ನಾಯಕಿ ಫೆಡೆರಿಕಾ ಮೊಗೆರಿನಿ ಮುಖ ಬೆರೆಸಿದ ಚಿತ್ರದಿಂದ ಅಸಲಿ ಪಾಸ್‌ಪೋರ್ಟ್ ಪಡೆದಿದ್ದೇವೆ ಎಂದು ಪ್ರಕಟಿಸಿತು. ಇಂಥ ಚಿತ್ರ ಅಳತೆ, ಬೆಳಕು, ಹಿನ್ನೆಲೆ ಎಲ್ಲ ನಿಯಮವನ್ನೂ ಪಾಲಿಸಿರುತ್ತದೆ. ಅಧಿಕಾರಿ ಭಾಗ ಭಾಗವಾಗಿ ಹೋಲಿಸಿದರೂ ಅರ್ಧ ಹೊಂದುತ್ತದೆ, ಉಳಿದರ್ಧಕ್ಕೆ ವಯಸ್ಸಿನ ನೆಪ ಸಿಗುತ್ತದೆ.

ಇದಕ್ಕೆ ಉತ್ತರ ಇರುವುದು ಫೋಟೋದ ಒಳಗಲ್ಲ, ಫೋಟೋ ಯಾರ ಕೈಯಿಂದ ಬಂತು ಎಂಬುದರಲ್ಲಿ. ಜರ್ಮನಿ 2025ರ ಮೇ 1ರಿಂದ ಕಾಗದದ ಫೋಟೋ ಕೈಬಿಟ್ಟು, ಕಚೇರಿಯಲ್ಲೇ ತೆಗೆದ ಅಥವಾ ಮಾನ್ಯತೆ ಪಡೆದ ಸ್ಟುಡಿಯೋ ನೇರವಾಗಿ ಕಳಿಸಿದ ಡಿಜಿಟಲ್ ಚಿತ್ರ ಮಾತ್ರ ಎಂಬ ವ್ಯವಸ್ಥೆಗೆ ಹೊರಳಿತು. ಈ ವಿಷಯದಲ್ಲಿ ನಮ್ಮ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಮುಂದಿವೆ. ಅಲ್ಲಿ ವಯಸ್ಕರ ಚಿತ್ರ ಅರ್ಜಿದಾರರ ಕೈಗೆ ಬರುವುದೇ ಇಲ್ಲ. ಬಿರುಕು ಉಳಿದಿರುವುದು ಹೊರದೇಶದಲ್ಲಿ, ಅರ್ಜಿದಾರರೇ ಫೋಟೋ ತರುವ ಕಡೆ. ಸೆಪ್ಟೆಂಬರ್‌ನ ಪಟ್ಟಿ ಅಲ್ಲಿ ಫೋಟೋದ ಗುಣಮಟ್ಟವನ್ನು ಸರಿಪಡಿಸುತ್ತದೆ. ಸಾಫ್ಟ್‌ವೇರ್ ತಿದ್ದುಪಡಿ ಬೇಡ ಎಂದು ಬಾಯಿಮಾತಿನಲ್ಲಿ ಹೇಳುತ್ತದೆ. ಆದರೆ ತಿದ್ದಿಲ್ಲ ಎಂಬುದಕ್ಕೆ ಸಾಕ್ಷಿ ಕೇಳುವುದಿಲ್ಲ.

ಅಧಿಕಾರಿಗೂ ಪರೀಕ್ಷೆ ಬೇಕು

ಸಿಡ್ನಿ ಅಧ್ಯಯನದ ಇನ್ನೊಂದು ಪಾಠ ಸುದ್ದಿಯಾದದ್ದು ಕಡಿಮೆ. ಅಧಿಕಾರಿಗಳ ನಡುವೆಯೇ ಭಾರೀ ವ್ಯತ್ಯಾಸವಿತ್ತು. ಕೆಲವರು ಸಹಜವಾಗಿಯೇ ಮುಖ ಹೋಲಿಸುವುದರಲ್ಲಿ ನಿಪುಣರು, ಕೆಲವರು ಅಲ್ಲ, ಮತ್ತು ಅನುಭವ ಆ ಅಂತರ ತುಂಬಲಿಲ್ಲ. ಅದರ ನಂತರ ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಕಚೇರಿ ಸಿಬ್ಬಂದಿ ಆಯ್ಕೆಯಲ್ಲಿ ಮುಖ ಹೋಲಿಸುವ ಪರೀಕ್ಷೆಯನ್ನೂ ಸೇರಿಸಿತು.

ಫೋಟೋ ತೆಗೆಸುವವರಿಗೆ ಸರ್ಕಾರಗಳು ಮಿಲಿಮೀಟರ್ ಲೆಕ್ಕದಲ್ಲಿ ನಿಯಮ ಹಾಕಿವೆ. ಅದನ್ನು ನೋಡುವವರಿಗೂ ಒಂದು ಅಳತೆ ಇದ್ದರೆ ಮಾತ್ರ ಈ ಕಟ್ಟುನಿಟ್ಟಿಗೆ ಪೂರ್ತಿ ಅರ್ಥ ಬರುತ್ತದೆ. ಅಲ್ಲಿಯವರೆಗೆ ಅರ್ಜಿದಾರರ ಕೈಯಲ್ಲಿರುವುದು ಇಷ್ಟು: ಮಗುವಿನ ಫೋಟೋಗೋ ವಿದೇಶದಲ್ಲಿನ ಅರ್ಜಿಗೋ ಸ್ಟುಡಿಯೋಗೆ ಹೋದಾಗ ಕ್ಯಾಮೆರಾ ಹಿಂದೆ ಇಡಲು ಹೇಳಿ, ಮುಖ ಹತ್ತಿರಕ್ಕೆ ಕತ್ತರಿಸಲು ಹೇಳಿ, ಮಚ್ಚೆ ಮುಟ್ಟಬೇಡಿ ಎನ್ನಿ. ಚಂದ ಕಾಣದಿದ್ದರೂ ಪರವಾಗಿಲ್ಲ. ನಿಮ್ಮ ಹೆಸರಲ್ಲಿ ಇನ್ನೊಬ್ಬರು ಬಂದು ನಿಂತಾಗ ‘ಇವರಲ್ಲ’ ಎಂದು ಹೇಳಲು ಅಧಿಕಾರಿಗೆ ಆಧಾರ ಆಗುವುದು ಆ ಮಚ್ಚೆಯೇ.